ಅವರು ಹೋದ ಮರುದಿನದ ಲೆಕ್ಕ: ಶಿರಸಿಯ ಒಂದು ಪ್ರಕರಣ

ಶಿರಸಿಯಲ್ಲಿ ಕುಳಿತು ಊರವರ ತೆರಿಗೆ ಲೆಕ್ಕ, ನಿವೃತ್ತರ ಕಾಗದಪತ್ರ ನೋಡಿಕೊಡುವುದು ನನ್ನ ಕಸುಬು. ಇಲ್ಲಿ ಹೇಳುತ್ತಿರುವ ದಂಪತಿಯ ಹೆಸರು, ಮನೆಯ ಗುರುತು ಬದಲಿಸಿದ್ದೇನೆ. ಮೊತ್ತಗಳನ್ನೂ ಗುರುತು ಸಿಗದಷ್ಟು ತಿದ್ದಿದ್ದೇನೆ, ಆದರೆ ಲೆಕ್ಕದ ಹದ ಕೆಡಿಸಿಲ್ಲ. ಅವರನ್ನು ಹೆಗಡೆಯವರು, ಸರೋಜಕ್ಕ ಎಂದೇ ಕರೆಯುತ್ತೇನೆ. ನಮ್ಮ ಕಡೆ ಹೆಗಡೆ ಎಂದರೆ ಗುರುತು ಹೇಳಿದಂತೇನೂ ಆಗುವುದಿಲ್ಲ.

ಹೆಗಡೆಯವರು ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿ 1996ರಲ್ಲಿ ಸೇರಿದವರು. 2024ರ ಮಾರಿಕಾಂಬಾ ಜಾತ್ರೆ ಮುಗಿದು ಎರಡು ತಿಂಗಳಿಗೆ, ಅರವತ್ತು ತುಂಬಿ ನಿವೃತ್ತರಾದರು. ಸರೋಜಕ್ಕನಿಗೆ ಆಗ 54. ಮನೆ, ಕೊಟ್ಟಿಗೆ, ಅತ್ತೆಯ ಆರೈಕೆ ಎಂದು 32 ವರ್ಷ ದುಡಿದಿದ್ದರೂ ಅವರ ಹೆಸರಿನಲ್ಲಿ ಸಂಬಳ, ಪಿಎಫ್, ಪಿಂಚಣಿ ಯಾವುದೂ ಇರಲಿಲ್ಲ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗ ಬೆಂಗಳೂರಿನಲ್ಲಿ, ಮಗಳು ಮದುವೆಯಾಗಿ ಕುಮಟಾದಲ್ಲಿ. ಪಟ್ಟಣದ ಅಂಚಿನಲ್ಲಿ ಹೆಗಡೆಯವರೇ ಕಟ್ಟಿಸಿದ ಮನೆ. ಸಿದ್ದಾಪುರದ ಕಡೆ ಅಣ್ಣನ ಜೊತೆಗಿನ ಅಡಿಕೆ ತೋಟದಿಂದ ವರ್ಷಕ್ಕೆ 45,000 ರೂಪಾಯಿಯಷ್ಟು ಪಾಲು ಬರುತ್ತಿತ್ತು.

ಕೈಗೆ ಬಂದ ಇಡಿಗಂಟು 26 ಲಕ್ಷ: ಪಿಎಫ್‌ನಿಂದ ಸುಮಾರು 21, ಗ್ರಾಚ್ಯುಟಿಯಿಂದ 5. ತಿಂಗಳ ಪಿಂಚಣಿ ಮಾತ್ರ 3,700. ಇಷ್ಟು ವರ್ಷ ದುಡಿದವರಿಗೆ ಇಷ್ಟೇ ಏಕೆ ಎಂದು ಅವರೂ ಕೇಳಿದರು. ಪಿಎಫ್ ಕಚೇರಿಯ 1995ರ ಪಿಂಚಣಿ ಯೋಜನೆಯಲ್ಲಿ ಪಿಂಚಣಿಗೆ ಲೆಕ್ಕವಾಗುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಆ ಸಂಬಳಕ್ಕೆ ಮಿತಿ 15,000. ಅದೂ 2014ರ ಸೆಪ್ಟೆಂಬರ್ ನಂತರದ ವರ್ಷಗಳಿಗೆ; ಅದಕ್ಕಿಂತ ಹಿಂದಿನ ವರ್ಷಗಳಿಗೆ 6,500. ಹೆಗಡೆಯವರ ಮೂಲ ವೇತನವೂ ತುಟ್ಟಿಭತ್ಯೆಯೂ ಸೇರಿ ಕೊನೆಗೆ 32,000 ಆಗಿದ್ದರೂ ಈ ಲೆಕ್ಕಕ್ಕೆ ಅದು ಬರಲೇ ಇಲ್ಲ. ಸೇವೆಯೂ 58ಕ್ಕೇ ನಿಂತಿತು, ಏಕೆಂದರೆ ಈ ಪಿಂಚಣಿ ಆ ವಯಸ್ಸಿಗೇ ಶುರುವಾಗುತ್ತದೆ. ಅವರ ಪಿಂಚಣಿ ಆದೇಶ, ಅಂದರೆ ಪಿಪಿಒ, 2022ರಲ್ಲೇ ಬಂದು ಪೆಟ್ಟಿಗೆ ಸೇರಿತ್ತು. ಆ ಪೆಟ್ಟಿಗೆಯ ವಿಚಾರ ಮುಂದೆ ಬರುತ್ತದೆ.

ತುಂಬಿಕೊಂಡು ಬಂದ ಅರ್ಜಿ

ಹೆಗಡೆಯವರು ನನ್ನಲ್ಲಿಗೆ ಬಂದದ್ದು ಸಲಹೆಗಲ್ಲ, ತೆರಿಗೆ ಬೀಳುತ್ತದೆಯೇ ಎಂದು ಕೇಳಲು. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಅರ್ಜಿಯನ್ನು ಆಗಲೇ ತುಂಬಿ ತಂದಿದ್ದರು. ಮೊತ್ತ 26 ಲಕ್ಷ, ಖಾತೆ ತಮ್ಮೊಬ್ಬರ ಹೆಸರಿನಲ್ಲಿ, ನಾಮಿನಿ ಮಗ.

ಆ ಯೋಜನೆ ಕೆಟ್ಟದ್ದಲ್ಲ. ಅರವತ್ತು ದಾಟಿದವರು 30 ಲಕ್ಷದವರೆಗೆ ಇಡಬಹುದು, ಬಡ್ಡಿ ಶೇಕಡಾ 8.2, ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಅವರ ಲೆಕ್ಕದಲ್ಲಿ ತಿಂಗಳಿಗೆ ಸರಾಸರಿ 17,767 ಬಡ್ಡಿ, ಜೊತೆಗೆ 3,700 ಪಿಂಚಣಿ. ಒಟ್ಟು 21,467. ಇಬ್ಬರಿಗೆ ಧಾರಾಳ ಎಂದರು. ನಾನೂ ಹೌದೆಂದೆ.

ನಾಮಿನಿ ಮಗನೇ ಏಕೆ ಎಂದು ಕೇಳಿದೆ.

"ಅವಳಿಗೆ ಬ್ಯಾಂಕಿನ ವ್ಯವಹಾರ ತಿಳಿಯುವುದಿಲ್ಲ. ಮಗ ಇದ್ದರೆ ಅವಳಿಗೇ ಅನುಕೂಲ."

ಇದನ್ನು ನಾನು ಬೇರೆ ಬೇರೆ ಗಂಡಂದಿರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ದುರುದ್ದೇಶವಂತೂ ಇಲ್ಲ, ಕಾಳಜಿಯಿಂದಲೇ ಹೇಳುತ್ತಾರೆ. ಒಂದು ಖಾಲಿ ಹಾಳೆ ತೆಗೆದು ಮೇಲೆ "ಇಂದು" ಎಂದು ಬರೆದು ಅವರ 21,467ನ್ನು ಬರೆದೆ. ಕೆಳಗೆ "ಹೆಗಡೆಯವರು ಹೋದ ಮರುದಿನ" ಎಂದು ಬರೆದು ಪೆನ್ನನ್ನು ಅವರ ಕಡೆ ಸರಿಸಿದೆ. ಅವರಿಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ಜೀವನವಿಡೀ ಲೆಕ್ಕ ಬರೆದವರು, ಖಾಲಿ ಕಾಲಂ ಬಿಡುವವರಲ್ಲ.

ಪಿಂಚಣಿ ಅರ್ಧಕ್ಕಿಳಿದು 1,850 ಆಗುತ್ತದೆ. ಠೇವಣಿ ಅಲ್ಲಿಗೆ ಮುಗಿಯುತ್ತದೆ, ಹಣ ನಾಮಿನಿಯ ಕೈಗೆ ಹೋಗುತ್ತದೆ. ಅಂದರೆ ಆ ದಿನ ಸರೋಜಕ್ಕನ ಹೆಸರಿಗೆ ಬರುವ ಆದಾಯ ತಿಂಗಳಿಗೆ 1,850 ರೂಪಾಯಿ, ಅಷ್ಟೇ.

ಮಗ ಅಷ್ಟು ಕೆಟ್ಟವನಲ್ಲ ಎಂದರು. ಕೆಟ್ಟವನಾಗಬೇಕಾಗಿಯೇ ಇಲ್ಲ. ಕಾನೂನಿನಲ್ಲಿ ನಾಮಿನಿಯೆಂದರೆ ಹಣ ಪಡೆದುಕೊಳ್ಳುವವನು, ಒಡೆಯನಲ್ಲ. ಉಯಿಲು ಇಲ್ಲದಿದ್ದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಸರೋಜಕ್ಕನಿಗೆ ಮೂರನೇ ಒಂದು ಭಾಗ ಖಂಡಿತ ಇದೆ, ಆದರೆ ಅದನ್ನು ಅವರು ಮಗನ ಬಳಿ ಕೇಳಿ ಪಡೆಯಬೇಕು. ಆ ಕೇಳುವ ಕೆಲಸವೇ ಎಷ್ಟೋ ತಾಯಂದಿರಿಗೆ ಆಗುವುದಿಲ್ಲ.

ಮುಂದಿನ ಸಲ ಇಬ್ಬರೂ ಬನ್ನಿ ಎಂದೆ.

ಕಿರಾಣಿ ವಹಿ

ಎರಡನೆಯ ಭೇಟಿಯ ಹೊತ್ತಿಗೆ ಹೊಸದೊಂದು ವಿಷಯ ಸೇರಿಕೊಂಡಿತ್ತು. ಮಗನಿಗೆ ಬೆಂಗಳೂರಿನಲ್ಲಿ ಫ್ಲ್ಯಾಟ್ ಮುಂಗಡಕ್ಕೆ 8 ಲಕ್ಷ ಬೇಕಿತ್ತು. ಕೊಡುವುದೆಂದು ಹೆಗಡೆಯವರು ಮನಸ್ಸಿನಲ್ಲಿ ನಿಶ್ಚಯಿಸಿಯೇ ಬಂದಂತಿತ್ತು.

ಮನೆಯ ಖರ್ಚು ತಿಂಗಳಿಗೆ ಎಷ್ಟು ಎಂದು ಕೇಳಿದೆ. ಹೆಗಡೆಯವರು ಹನ್ನೆರಡು ಸಾವಿರ ಎಂದರು. ಸರೋಜಕ್ಕ ಏನೂ ಹೇಳದೆ ಚೀಲದಿಂದ ಒಂದು ಉದ್ದನೆಯ ವಹಿ ತೆಗೆದರು. ಹಳೆಯ ಕ್ಯಾಲೆಂಡರ್ ಹಾಳೆಯ ರಟ್ಟು ಹಾಕಿದ್ದು, ಮೂಲೆಗಳಲ್ಲಿ ಅರಿಸಿನದ ಕಲೆ. ಹಾಲು, ಕಿರಾಣಿ, ಗ್ಯಾಸ್, ಕರೆಂಟು, ಇಬ್ಬರ ಬಿಪಿ ಮಾತ್ರೆ, ಮದುವೆ ಮುಂಜಿಯ ಉಡುಗೊರೆ, ಮಳೆಗಾಲಕ್ಕೆ ಮುಂಚೆ ಮಾಡಿನ ಹಂಚು ತಿರುವಿಸಿದ ಕೂಲಿ, ಎಲ್ಲವೂ ತಾರೀಕು ಸಹಿತ. ವರ್ಷದ ಒಟ್ಟನ್ನು ಹನ್ನೆರಡರಿಂದ ಭಾಗಿಸಿದರೆ 18,200 ಬಂತು. ಬ್ಯಾಂಕಿನ ವ್ಯವಹಾರ ತಿಳಿಯದು ಎನ್ನಿಸಿಕೊಂಡವರ ಲೆಕ್ಕ ಅದು. ಗುಮಾಸ್ತರು ತಮ್ಮ ಮನೆಯ ಖರ್ಚಿನಲ್ಲಿ ಆರು ಸಾವಿರ ತಪ್ಪಿದ್ದರು.

ಅದೇ ವಹಿಯನ್ನಿಟ್ಟುಕೊಂಡು ಒಬ್ಬರೇ ಇದ್ದರೆ ಎಷ್ಟು ಬೇಕು ಎಂದು ಸಾಲು ಸಾಲಾಗಿ ನೋಡಿದೆವು. ಅರ್ಧವಾಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ, ಆಗುವುದಿಲ್ಲ. ಹಾಲು, ಅಕ್ಕಿ, ಮಾತ್ರೆ ಅರ್ಧಕ್ಕಿಳಿಯುತ್ತವೆ. ಮನೆ ತೆರಿಗೆ, ಹಂಚು ತಿರುವುವ ಕೂಲಿ, ದೀಪ, ಉಡುಗೊರೆ ಹಾಗೇ ಇರುತ್ತವೆ. ಕೂಡಿದಾಗ 13,000 ಆಯಿತು.

8 ಲಕ್ಷ ಮಗನಿಗೆ ಹೋದರೆ ಉಳಿಯುವ 18 ಲಕ್ಷಕ್ಕೆ ತಿಂಗಳಿಗೆ 12,300 ಬಡ್ಡಿ. ಪಿಂಚಣಿ ಸೇರಿ 16,000. ಇಬ್ಬರೂ ಇರುವಾಗಲೇ ಎರಡು ಸಾವಿರದ ಮೇಲೆ ಕೊರತೆ. ನಾನು ಇಷ್ಟು ಹೇಳಿ ಸುಮ್ಮನಾದೆ. ಕೊಡಿ, ಕೊಡಬೇಡಿ ಎಂದು ಹೇಳುವುದು ನನ್ನ ಕೆಲಸವಲ್ಲ. ಆಗ ಸರೋಜಕ್ಕ ಮೊದಲ ಸಲ ಬಾಯಿ ತೆರೆದರು.

"ಮಗ ಸಾಲ ಮಾಡಿ ಮನೆ ಕೊಳ್ಳಬಹುದು. ನನಗೆ ಎಪ್ಪತ್ತರಲ್ಲಿ ಮಾತ್ರೆಗೆ ಸಾಲ ಯಾರು ಕೊಡುತ್ತಾರೆ?"

ಹೆಗಡೆಯವರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದರು. ಇಡಿಗಂಟನ್ನು ಮುಟ್ಟುವುದಿಲ್ಲವೆಂದು ಅಂದೇ ತೀರ್ಮಾನವಾಯಿತು. ಅಡಿಕೆ ಪಾಲಿನಿಂದ ಕೂಡಿಟ್ಟಿದ್ದ 1 ಲಕ್ಷವನ್ನು ಮಗನಿಗೆ ಕಳಿಸಿದರು. ಮಗ ಎರಡು ತಿಂಗಳು ಫೋನ್ ಮಾಡಲಿಲ್ಲ.

ಹಂಚಿಕೆ

ಹಿರಿಯ ನಾಗರಿಕರ ಯೋಜನೆಯಲ್ಲಿ ಒಂದು ತೊಡಕಿತ್ತು, ಅದು ಸರೋಜಕ್ಕನ ವಯಸ್ಸು. ಖಾತೆ ಗಂಡ ಹೆಂಡತಿಯ ಜಂಟಿ ಹೆಸರಿನಲ್ಲಿದ್ದರೆ, ಅಥವಾ ಹೆಂಡತಿಯೊಬ್ಬಳೇ ನಾಮಿನಿಯಾಗಿದ್ದರೆ, ಗಂಡನ ನಂತರ ಅವಧಿ ಮುಗಿಯುವವರೆಗೆ ಆಕೆ ಅದನ್ನೇ ಮುಂದುವರಿಸಬಹುದು. ಆದರೆ ಆಕೆಗೆ ಸ್ವತಃ ಆ ಖಾತೆ ತೆರೆಯುವ ಅರ್ಹತೆ ಇರಬೇಕು, ಬೇರೊಂದು ಇಂಥದೇ ಖಾತೆ ಇರಬಾರದು. ಸರೋಜಕ್ಕನಿಗೆ ಅರವತ್ತು ತುಂಬುವುದು 2030ರ ಮಾರ್ಚ್‌ನಲ್ಲಿ, ಖಾತೆಯ ಐದು ವರ್ಷ ಮುಗಿಯುವುದು 2029ರಲ್ಲಿ. ಅಂದರೆ ಈ ಅವಧಿಯ ಯಾವ ದಿನ ಹೆಗಡೆಯವರು ತೀರಿಕೊಂಡರೂ ಖಾತೆ ಮುಚ್ಚಲೇಬೇಕು. ಹಣ ಹೋಗುವುದಿಲ್ಲ, ಆದರೆ ಆ ಬಡ್ಡಿ ಹೋಗುತ್ತದೆ. ಹೆಂಡತಿ ಐದಾರು ವರ್ಷ ಕಿರಿಯಳಿರುವುದು ನಮ್ಮಲ್ಲಿ ಸಾಮಾನ್ಯ. ಹಾಗಿದ್ದೂ ಈ ನಿಯಮವನ್ನು ತಿಳಿದು ಅರ್ಜಿ ತುಂಬಿದವರನ್ನು ನಾನು ಹೆಚ್ಚು ಕಂಡಿಲ್ಲ.

ಹಾಗಾಗಿ ಎಲ್ಲವನ್ನೂ ಅಲ್ಲಿಡದೆ 10 ಲಕ್ಷವನ್ನು ಮಾತ್ರ ಜಂಟಿಯಾಗಿ ಇಟ್ಟೆವು. ತಿಂಗಳ ಲೆಕ್ಕದಲ್ಲಿ 6,833. ಅಂಚೆಯ ಮಾಸಿಕ ಆದಾಯ ಯೋಜನೆಯಲ್ಲಿ 9 ಲಕ್ಷ, ಅದೂ ಜಂಟಿ, ಶೇಕಡಾ 7.4ರಂತೆ ತಿಂಗಳಿಗೆ 5,550. ಜಂಟಿ ಖಾತೆಗೆ 15 ಲಕ್ಷದವರೆಗೆ ಅವಕಾಶವಿದ್ದರೂ ಒಬ್ಬರ ಖಾತೆಯ ಮಿತಿ 9 ಲಕ್ಷ. ಮುಂದೆ ಅದು ಒಬ್ಬರದೇ ಆದಾಗ ಮಿತಿಯ ತಕರಾರು ಬಾರದಿರಲಿ ಎಂದು ಅಲ್ಲಿಗೇ ನಿಲ್ಲಿಸಿದೆ.

5 ಲಕ್ಷ ಜಂಟಿ ಜೀವನದ ಪಿಂಚಣಿ ಪಾಲಿಸಿಗೆ ಹೋಯಿತು. ಇದಕ್ಕೆ ಹೆಗಡೆಯವರ ವಿರೋಧ ಬಲವಾಗಿತ್ತು. ತಿಂಗಳಿಗೆ ಬರುವುದು 2,650, ಶೇಕಡಾ ಆರೂವರೆಗೂ ತುಸು ಕಡಿಮೆ. ಅಂಚೆಯಲ್ಲಿ 8.2 ಸಿಗುವಾಗ ಇದೇಕೆ? ಅಂಚೆಯ ದರ ಐದು ವರ್ಷಕ್ಕೆ ಮಾತ್ರ ಎಂದು ತೋರಿಸಿದೆ. 2020ರ ಏಪ್ರಿಲ್‌ನಲ್ಲಿ ಇದೇ ಹಿರಿಯ ನಾಗರಿಕರ ಯೋಜನೆಯ ಬಡ್ಡಿ 8.6ರಿಂದ ಒಮ್ಮೆಲೇ 7.4ಕ್ಕೆ ಇಳಿದಿತ್ತು. ಸರೋಜಕ್ಕ ಎಂಬತ್ತೈದು ಬದುಕಿದರೆ ಇನ್ನೂ ಮೂವತ್ತು ವರ್ಷ. ಅಷ್ಟು ಕಾಲ ದರ ಬದಲಾಗದೆ, ಗಂಡನ ನಂತರ ಒಂದು ರೂಪಾಯಿಯೂ ಕಡಿಮೆಯಾಗದೆ ಬರುವ ಒಂದು ತುಂಡಾದರೂ ಇರಲಿ ಎಂಬುದು ನನ್ನ ವಾದ. ಪೂರ್ತಿ ಹಣವನ್ನು ಅದಕ್ಕೇ ಹಾಕಿದರೆ ಅದೂ ತಪ್ಪೇ, ಏಕೆಂದರೆ ಇಂದಿನ 2,650ಕ್ಕೆ ಮೂವತ್ತು ವರ್ಷದ ನಂತರ ಎಷ್ಟು ಅಕ್ಕಿ ಬರುತ್ತದೆ ಎಂದು ಯಾರಿಗೂ ಹೇಳಬೇಕಾಗಿಲ್ಲ.

ಉಳಿದ 2 ಲಕ್ಷ ಸರೋಜಕ್ಕನ ಒಬ್ಬರದೇ ಹೆಸರಿನಲ್ಲಿ ಬ್ಯಾಂಕ್ ಠೇವಣಿ. ಗಂಡ ಕೊಟ್ಟ ಹಣದ ಬಡ್ಡಿ ತೆರಿಗೆಯ ಲೆಕ್ಕದಲ್ಲಿ ಗಂಡನ ಆದಾಯಕ್ಕೇ ಸೇರುತ್ತದೆ, ಆದರೆ ಅವರ ಒಟ್ಟು ಆದಾಯ ತೆರಿಗೆಯ ಹತ್ತಿರವೂ ಬರುತ್ತಿರಲಿಲ್ಲ.

ಆ ಬ್ಯಾಂಕ್ ಠೇವಣಿಯ ಬಡ್ಡಿ ಬಿಟ್ಟು, ಪಿಂಚಣಿಯೂ ಸೇರಿ ಎಲ್ಲ ಕೂಡಿ ತಿಂಗಳಿಗೆ 18,733. ಅವರ ಮೊದಲ ಲೆಕ್ಕಕ್ಕಿಂತ 2,700 ಕಡಿಮೆ, ಖರ್ಚಿಗೆ ಸರಿಹೊಂದುವಷ್ಟು. "ಮರುದಿನ"ದ ಸಾಲಿನಲ್ಲಿ ಮಾತ್ರ 1,850 ಇದ್ದ ಜಾಗದಲ್ಲಿ 10,050 ಬಂತು, ಮುಚ್ಚುವ ಹಿರಿಯ ನಾಗರಿಕರ ಖಾತೆಯ 10 ಲಕ್ಷ ಕೈಗೆ ಬರುವುದು ಬೇರೆ. ಅಡಿಕೆಯ ಪಾಲನ್ನು ಎರಡೂ ಸಾಲಿನಲ್ಲಿ ಸೊನ್ನೆ ಎಂದೇ ಬರೆದೆ. ತೋಟದ ಪಹಣಿ ಇನ್ನೂ ಹೆಗಡೆಯವರ ತಂದೆಯ ಹೆಸರಿನಲ್ಲಿತ್ತು, ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಆಗಿರಲಿಲ್ಲ. ಅಣ್ಣ ಪ್ರೀತಿಯಿಂದ ಕಳಿಸುವವರೆಗೆ ಬರುತ್ತದೆ.

ಮನೆಗೆ ಉಯಿಲು ಬರೆಸಿದೆವು. ಸರೋಜಕ್ಕನಿಗೆ ಬದುಕಿರುವವರೆಗೆ ವಾಸದ ಹಕ್ಕು, ನಂತರ ಮಕ್ಕಳಿಗೆ ಎಂದು ಬರೆಸುವುದು ಹೆಗಡೆಯವರ ಇಷ್ಟವಾಗಿತ್ತು. ಹಾಗೆ ಬರೆದರೆ ಕಷ್ಟಕಾಲದಲ್ಲಿ ಆಕೆ ಮನೆಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ. ಒಂದು ವಾರ ಯೋಚಿಸಿ ಪೂರ್ಣ ಒಡೆತನ ಎಂದೇ ಬರೆಸಿದರು. ಜಂಟಿ ಖಾತೆಗಳ ಹಣವೂ ಆಕೆಗೇ ಎಂಬ ಸಾಲನ್ನೂ ಸೇರಿಸಿದರು. ಉಯಿಲಿಗೆ ಇಬ್ಬರು ಸಾಕ್ಷಿಗಳು ಸಾಕು, ನೋಂದಣಿ ಕಡ್ಡಾಯವಲ್ಲ. ಆದರೂ ಉಪನೋಂದಣಿ ಕಚೇರಿಯಲ್ಲಿ ಮಾಡಿಸಿದೆವು.

ಎರಡು ಹೆಸರು

ಸರೋಜಕ್ಕ ಹುಟ್ಟಿದಾಗ ಸರೋಜಾ ಅಲ್ಲ, ಭಾಗೀರಥಿ. ಮದುವೆಯ ದಿನ ಹೆಸರು ಬದಲಿಸುವುದು ನಮ್ಮ ಜಿಲ್ಲೆಯ ಹಲವು ಮನೆಗಳಲ್ಲಿ ನಡೆದು ಬಂದದ್ದು. ಅಕ್ಕಿಯ ಮೇಲೆ ಬರೆದ ಆ ಹೆಸರು ಆಧಾರಕ್ಕೆ, ಪಾಸ್‌ಬುಕ್ಕಿಗೆ ಬಂತು. ಶಾಲೆಯ ದಾಖಲೆಯಲ್ಲಿ ಭಾಗೀರಥಿ ಉಳಿದರು. ಖಾತೆಗಳನ್ನು ತೆರೆಯುವ ಮೊದಲು ಇವೆರಡನ್ನೂ ಜೋಡಿಸುವ ಒಂದು ಕಾಗದ ಬೇಕು ಅನ್ನಿಸಿತು. ಮದುವೆ ನೋಂದಣಿ ಮಾಡಿಸಿಬಿಡಿ ಎಂದೆ. ಮದುವೆಯಾಗಿ 32 ವರ್ಷದ ಮೇಲೆ ನೋಂದಣಿಗೆ ಹೊರಟ ದಂಪತಿಯನ್ನು ಕಂಡು ಕಚೇರಿಯ ಹುಡುಗ ನಕ್ಕನಂತೆ. "ಈಗಾದರೂ ಗಟ್ಟಿಯಾಯಿತು" ಎಂದು ಸರೋಜಕ್ಕನೂ ನಕ್ಕರಂತೆ. ಅರ್ಜಿಯಲ್ಲಿ ಮದುವೆಗೆ ಮುಂಚಿನ ಹೆಸರು, ನಂತರದ ಹೆಸರು ಎರಡನ್ನೂ ಬರೆಸಿದ್ದೆ. ಈ ನೋಂದಣಿಗೆ ಇಬ್ಬರೂ ಸಹಿ ಹಾಕಬೇಕು. ಒಬ್ಬರು ಹೋದ ಮೇಲೆ ಆ ದಾರಿ ಮುಚ್ಚಿದಂತೆಯೇ.

ಆಧಾರ, ಬ್ಯಾಂಕ್, ಅಂಚೆ, ಪಾಲಿಸಿ ನಾಲ್ಕರಲ್ಲೂ ಹೆಸರಿನ ಒಂದೊಂದು ಅಕ್ಷರ ಹೊಂದುವಂತೆ ಮಾಡಿದೆವು. ಐದನೆಯದೊಂದು ಇದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಮರುದಿನ

2025ರ ಆಗಸ್ಟ್‌ನ ಜಡಿಮಳೆಯಲ್ಲಿ ಹೆಗಡೆಯವರಿಗೆ ಹೃದಯಾಘಾತವಾಯಿತು. ನಿವೃತ್ತರಾಗಿ ಹದಿನಾಲ್ಕು ತಿಂಗಳಷ್ಟೇ ಆಗಿತ್ತು.

ಮಾಸಿಕ ಆದಾಯದ ಖಾತೆಯಲ್ಲಿ ಮರಣ ಪ್ರಮಾಣಪತ್ರ ಕೊಟ್ಟ ಮೇಲೆ ಅವರ ಹೆಸರು ತೆಗೆದರು. 5,550 ಬರುತ್ತಲೇ ಇತ್ತು. ಪಾಲಿಸಿಯ 2,650 ಕೂಡ ಹಾಗೆಯೇ. ಹಿರಿಯ ನಾಗರಿಕರ ಖಾತೆ, ಅಂದುಕೊಂಡಂತೆ, ಮುಚ್ಚಿತು. ಮರಣದಿಂದಾಗಿ ಮುಚ್ಚಿದ್ದರಿಂದ ದಂಡ ಬೀಳಲಿಲ್ಲ, ಆದರೆ ತೀರಿಕೊಂಡ ದಿನದಿಂದ ಹಣ ಕೈಗೆ ಬರುವವರೆಗೆ ಸಿಕ್ಕಿದ್ದು ಅಂಚೆ ಉಳಿತಾಯ ಖಾತೆಯ ಶೇಕಡಾ 4 ಮಾತ್ರ.

ಈ 10 ಲಕ್ಷವನ್ನು ಮತ್ತೆ ಎಲ್ಲಿಡುವುದು? ಮಾಸಿಕ ಆದಾಯದ ಮಿತಿ ತುಂಬಿತ್ತು. ಹಿರಿಯ ನಾಗರಿಕರ ಯೋಜನೆಗೆ ವಯಸ್ಸಾಗಿರಲಿಲ್ಲ. ಬ್ಯಾಂಕ್‌ಗಳ ದರ ಆಗಲೇ ಇಳಿದಿತ್ತು. ಅಂಚೆಯ ಐದು ವರ್ಷದ ಠೇವಣಿಗೆ ಶೇಕಡಾ 7.5 ಇತ್ತು, ಆದರೆ ಅದರ ಬಡ್ಡಿ ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ, 77,000ದಷ್ಟು. ಅಕ್ಟೋಬರ್‌ನಲ್ಲಿ ಅಲ್ಲಿಯೇ ಇಟ್ಟೆವು. ಅದು ಮುಗಿಯುವುದು 2030ರ ಅಕ್ಟೋಬರ್‌ನಲ್ಲಿ, ಆ ಹೊತ್ತಿಗೆ ಸರೋಜಕ್ಕನಿಗೆ ಅರವತ್ತು ದಾಟಿ ಹಿರಿಯ ನಾಗರಿಕರ ಖಾತೆ ಅವರ ಹೆಸರಿನಲ್ಲೇ ತೆರೆಯಬಹುದು. ಮೊದಲ ವರ್ಷದ ಬಡ್ಡಿ ಬರುವವರೆಗೆ ತಿಂಗಳಿಗೆ ಮೂರು ಸಾವಿರದಷ್ಟು ಕೊರತೆ. ಅದನ್ನು ತುಂಬಿದ್ದು ಅವರದೇ ಹೆಸರಿನ ಆ 2 ಲಕ್ಷ.

ಎಡವಿದ್ದು 1,850ರಲ್ಲಿ. ಪೆಟ್ಟಿಗೆಯಿಂದ ಪಿಪಿಒ ತೆಗೆದು ನೋಡಿದರೆ ಪತ್ನಿಯ ಹೆಸರು ಭಾಗೀರಥಿ ಎಂದಿತ್ತು. 1996ರಲ್ಲಿ ಕೆಲಸಕ್ಕೆ ಸೇರುವಾಗ ಹೆಗಡೆಯವರು ಶಾಲೆಯ ದಾಖಲೆ ನೋಡಿಕೊಂಡು ನಾಮನಿರ್ದೇಶನ ಪತ್ರ ತುಂಬಿದ್ದರು, ಅದೇ ಹೆಸರು ಪಿಪಿಒವರೆಗೆ ನಡೆದು ಬಂದಿತ್ತು. ಹೆಗಡೆಯವರು ಇದ್ದಾಗ ನೋಡಿದ್ದರೆ ಅವರದೇ ಒಂದು ಅರ್ಜಿಯಲ್ಲಿ ತಿದ್ದಿಸಬಹುದಿತ್ತು. ನಾಲ್ಕು ಕಾಗದ ನೋಡಿದ ನಾನು ಅದನ್ನು ಕೇಳಿರಲಿಲ್ಲ.

ಮರಣ ಪ್ರಮಾಣಪತ್ರ, ಪಾಸ್‌ಬುಕ್, ಮರುಮದುವೆಯಾಗಿಲ್ಲ ಎಂಬ ದೃಢೀಕರಣ ಎಲ್ಲವನ್ನೂ ಕೊಟ್ಟೆವು. ಗಂಡ ಹೋಗಿ ತಿಂಗಳೂ ತುಂಬದ ಐವತ್ತೈದರ ಹೆಂಗಸಿನಿಂದ ಆ ಕಾಗದಕ್ಕೆ ಸಹಿ ಹಾಕಿಸುವುದು ನನಗಂತೂ ಸುಲಭವಾಗಲಿಲ್ಲ. ಅರ್ಜಿ ಹೆಸರಿನ ಕಾರಣಕ್ಕೆ ಹಿಂದೆ ಬಂತು. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಜೊತೆ ಆ ಮದುವೆ ನೋಂದಣಿ ಪತ್ರ ಸೇರಿಸಿ ಮತ್ತೆ ಕಳಿಸಿದೆವು. ಡಿಸೆಂಬರ್‌ನಲ್ಲಿ ಬಾಕಿ ಸಹಿತ ಪಿಂಚಣಿ ಬಂತು. ಮಗ ಎರಡು ಸಲ ರಜೆ ಹಾಕಿ ಬಂದು ಇದಕ್ಕಾಗಿ ಓಡಾಡಿದ. ಫ್ಲ್ಯಾಟಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಇದಕ್ಕೂ ಹಿಂದೆ ಹೋಗಿ ನೋಡಿದರೆ, ಸರೋಜಕ್ಕನಿಗೆ ಸ್ವಂತ ಪಿಂಚಣಿ ಇರಬಹುದಿತ್ತೇ? ಅಟಲ್ ಪಿಂಚಣಿ ಯೋಜನೆ 2015ರಲ್ಲಿ ಬಂದಾಗ ಅವರಿಗೆ 45, ಸೇರಲು ಮಿತಿ 40. ಅವರಿಗೆ ಅದು ತಪ್ಪಿತು. ಮನೆಯಲ್ಲಿ ಮೂವತ್ತೈದರ ಗೃಹಿಣಿ ಇದ್ದು, ಆಕೆ ತೆರಿಗೆ ಕಟ್ಟುವವಳಲ್ಲದಿದ್ದರೆ ಆ ಬಾಗಿಲು ಇನ್ನೂ ತೆರೆದಿದೆ. ನಲವತ್ತು ದಾಟಿದವರು ಎನ್‌ಪಿಎಸ್, ಅಂದರೆ ರಾಷ್ಟ್ರೀಯ ಪಿಂಚಣಿ ಯೋಜನೆಯ ಖಾತೆಯನ್ನು ಸಂಬಳವಿಲ್ಲದಿದ್ದರೂ ತಮ್ಮ ಹೆಸರಿನಲ್ಲಿ ತೆರೆಯಬಹುದು. ನಿವೃತ್ತಿಯ ವರ್ಷ ನನ್ನಲ್ಲಿಗೆ ಬಂದಾಗ ಉಳಿಯುವುದು ಇದ್ದ ಇಡಿಗಂಟನ್ನು ಹಂಚುವ ಕೆಲಸ ಮಾತ್ರ.

ಈಗ ನಿವೃತ್ತರು ಯಾರೇ ಬಂದರೂ ಮೊದಲು ಪಿಪಿಒ ತೋರಿಸಿ ಎನ್ನುತ್ತೇನೆ. ಹೆಂಡತಿಯನ್ನೂ ಮನೆಯ ಖರ್ಚಿನ ವಹಿಯನ್ನೂ ಕರೆತನ್ನಿ ಎನ್ನುತ್ತೇನೆ. ವಹಿ ಸಿಗುತ್ತದೆ, ಹೆಂಡತಿ ಎಷ್ಟೋ ಸಲ ಬರುವುದಿಲ್ಲ.

ಸರೋಜಕ್ಕ ಕಳೆದ ಸಲ ಬಂದಾಗ ಅಣ್ಣನವರು ಈ ವರ್ಷದ ಅಡಿಕೆ ಪಾಲು ಕಳಿಸಿದ್ದನ್ನು ಹೇಳಿದರು. ವಹಿಯಲ್ಲಿ ಅದನ್ನು ಬೇರೆ ಪುಟದಲ್ಲಿ ಬರೆದಿಟ್ಟಿದ್ದರು. ಪೌತಿ ಖಾತೆಗೆ ಅರ್ಜಿ ಹಾಕೋಣ ಎಂದೆ. ಭಾವನವರನ್ನು ಒಮ್ಮೆ ಕೇಳಿ ಹೇಳುತ್ತೇನೆ ಎಂದು ವಹಿ ಮುಚ್ಚಿ ಎದ್ದರು.